ಹೀರೋ ಯಾರು ಅಂತ ಕೇಳಬೇಡಿ

ಶುಕ್ರವಾರ ಮಧ್ಯಾಹ್ನ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತೆ. ವೀಕೆಂಡಿಗೆ ಯಾವ ಸಿನಿಮಾ? ಒಂದು ಹೆಸರು ಹೇಳಿದರೆ ಮುಂದಿನ ಪ್ರಶ್ನೆ ಎರಡರಲ್ಲಿ ಒಂದು. ‘ಹೀರೋ ಯಾರು ಗುರು?’ ಅಥವಾ ‘ಡೈರೆಕ್ಟರ್ ಯಾರು?’ ಮೊದಲನೇ ಪ್ರಶ್ನೆ ಕೇಳೋರನ್ನ ಎರಡನೇ ಪ್ರಶ್ನೆ ಕೇಳೋರು ಒಂಥರಾ ಕನಿಕರದಿಂದ ನೋಡ್ತಾರೆ. ಇವರು ಸಿನಿಮಾ ತಿಳಿದೋರು, ಅವರು ಬರೀ ಶಿಳ್ಳೆ ಹೊಡೆಯೋರು ಅಂತ.

ಮೊನ್ನೆ ನನ್ನ ಸರದಿ ಬಂತು. ‘1956ರ ಸಿಐಡಿ ನೋಡ್ತೀನಿ, ಆಗಲೇ ಎರಡು ಸಲ ನೋಡಿದೀನಿ’ ಅಂದೆ. ದೇವಾನಂದ್ ಫ್ಯಾನಾ ಅಂತ ಕೇಳಿದರು. ಅಲ್ಲ. ಓ, ಗುರುದತ್ ಸಿನಿಮಾನಾ? ಅವರ ಕಂಪನಿಯದ್ದು, ಆದರೆ ನಿರ್ದೇಶನ ರಾಜ್ ಖೋಸ್ಲಾ. ಹಾಗಾದರೆ ಯಾಕೆ? ‘ಕ್ಯಾಮೆರಾ ವಿ.ಕೆ. ಮೂರ್ತಿಯವರದ್ದು’ ಅಂದೆ. ಟೇಬಲ್ ಒಂದು ಕ್ಷಣ ಸುಮ್ಮನಾಯ್ತು. ಆಮೇಲೆ ಒಬ್ಬ ನಕ್ಕ: ‘ಮಗಾ, ಹೋಟೆಲಿಗೆ ಹೋಗಿ ಪಾತ್ರೆ ತೊಳೆಯೋನು ಯಾರು ಅಂತ ಕೇಳಿದ ಹಾಗಾಯ್ತು.’

ಅವನ ಹೋಲಿಕೆ ತಪ್ಪು. ಹೋಟೆಲಿಗೆ ಹೋಗಿ ಅಡುಗೆ ಭಟ್ಟರು ಯಾರು ಅಂತ ಕೇಳಿದ ಹಾಗೆ ಅದು. ಹೀರೋ ನೋಡಿ ಸಿನಿಮಾ ಆರಿಸೋರು, ನಿರ್ದೇಶಕನನ್ನು ನೋಡಿ ಆರಿಸೋರು ಇಬ್ಬರೂ ಪೋಸ್ಟರಿನಲ್ಲಿ ದಪ್ಪ ಅಕ್ಷರದಲ್ಲಿ ಇರೋದನ್ನೇ ಓದ್ತಿದಾರೆ. ಎರಡನೆಯವರು ಒಂದು ಸಾಲು ಕೆಳಗೆ ಓದ್ತಾರೆ, ಅಷ್ಟೇ ವ್ಯತ್ಯಾಸ. ಇನ್ನೂ ಒಂದು ಸಾಲು ಕೆಳಗೆ ಹೋದರೆ ಏನು ಸಿಗುತ್ತೆ ಅನ್ನೋದನ್ನ ಇಲ್ಲಿ ಒಂದೇ ಹೆಸರು ಹಿಡಿದು ಹೇಳ್ತೀನಿ. ಆ ಹೆಸರು ನನಗೆ ಸಿಕ್ಕಿದ್ದು ತಡವಾಗಿ, ನಾಚಿಕೆಯಾಗುವಷ್ಟು ತಡವಾಗಿ.

ನಮ್ಮೂರು ಹೊಳೆನರಸೀಪುರದ ಕಡೆ. ನನ್ನ ಬಾಲ್ಯದಲ್ಲಿ ಊರಿಗೆ ಒಂದೇ ಟಿವಿ, ಅಂಗಡಿ ಮನೆಯಲ್ಲಿ. ಭಾನುವಾರ ಸಂಜೆಯ ದೂರದರ್ಶನದ ಸಿನಿಮಾಕ್ಕೆ ಮಕ್ಕಳು ನೆಲದ ಮೇಲೆ, ಹೆಂಗಸರು ಗೋಡೆಗೊರಗಿ, ಗಂಡಸರು ಬಾಗಿಲಲ್ಲಿ. ಅಲ್ಲಿ ಒಂದು ಸಲ ‘ಹೂವು ಹಣ್ಣು’ ಬಂತು. ತ್ರಿವೇಣಿಯವರ ಕಾದಂಬರಿ, ರಾಜೇಂದ್ರಸಿಂಗ್ ಬಾಬು ನಿರ್ದೇಶನ, ಲಕ್ಷ್ಮಿ ಮುಖ್ಯ ಪಾತ್ರ. ಫೈಟಿಂಗ್ ಇಲ್ಲ ಅಂತ ನಾವು ಹುಡುಗರು ಅರ್ಧಕ್ಕೇ ಎದ್ದು ಹೋದೆವು. ನಮ್ಮವ್ವ ಮಾತ್ರ ಕೊನೇವರೆಗೂ ಕೂತು, ಕಣ್ಣು ಒರೆಸಿಕೊಂಡು ಮನೆಗೆ ಬಂದಳು. ‘ಕಥೆ ಇರಲಿ, ಆಯಮ್ಮನ ಮುಖದ ಮೇಲೆ ಬೆಳಕು ಹೆಂಗೆ ಬೀಳ್ತಿತ್ತು ನೋಡ್ದೇನೋ’ ಅಂದಳು. ನಾನು ನೋಡಿರಲಿಲ್ಲ.

2014ರ ಏಪ್ರಿಲ್‌ನಲ್ಲಿ ನಾನು ಬಸವನಗುಡಿಯ ಕಡೆ ರೂಮು ಮಾಡಿಕೊಂಡಿದ್ದೆ. ಬೆಳಿಗ್ಗೆ ಹೋಟೆಲಲ್ಲಿ ಕಾಫಿ ಕುಡೀತಾ ಪೇಪರ್ ತಿರುವುವಾಗ ಒಂದು ಸಾವಿನ ಸುದ್ದಿ ಕಾಣಿಸ್ತು. ಛಾಯಾಗ್ರಾಹಕ ವಿ.ಕೆ. ಮೂರ್ತಿ, ವಯಸ್ಸು ತೊಂಬತ್ತು. ಮೈಸೂರಿನಲ್ಲಿ ಹುಟ್ಟಿದವರು. ‘ಪ್ಯಾಸಾ’, ‘ಕಾಗಜ್ ಕೆ ಫೂಲ್’, ‘ಸಾಹಿಬ್ ಬೀಬಿ ಔರ್ ಗುಲಾಮ್’ ಚಿತ್ರಗಳ ಕ್ಯಾಮೆರಾ ಅವರದ್ದು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರು, ಆ ಪ್ರಶಸ್ತಿ ಬಂದ ಮೊದಲ ಛಾಯಾಗ್ರಾಹಕ. ಅದಾದ ಮೇಲೆ ಎರಡು ಸಂಗತಿ ನನ್ನ ಕಾಫಿ ಆರಿಸಿಬಿಟ್ಟವು. ಒಂದು, ‘ಹೂವು ಹಣ್ಣು’ ಚಿತ್ರದ ಛಾಯಾಗ್ರಹಣವೂ ಅವರದ್ದೇ. ಇನ್ನೊಂದು, ಅವರು ತೀರಿಕೊಂಡದ್ದು ಶಂಕರಪುರದ ತಮ್ಮ ಮನೆಯಲ್ಲಿ. ನಾನು ದಿನಾ ಬಸ್ ಹಿಡಿಯೋಕೆ ನಡೆದು ಹೋಗ್ತಿದ್ದ ಶಂಕರಪುರ ಅದು.

ಫಾಲ್ಕೆ ಪ್ರಶಸ್ತಿ ಅವರಿಗೆ ಕೊಟ್ಟದ್ದು 2010ರಲ್ಲಿ. ಆಗ ನಾನು ಇದೇ ಊರಲ್ಲಿದ್ದೆ, ದಿನಾ ಪೇಪರ್ ಓದ್ತಿದ್ದೆ, ‘ಸಿನಿಮಾ ಹುಚ್ಚ’ ಅಂತ ಹೆಸರು ಬೇರೆ ಇತ್ತು. ಆ ಸುದ್ದಿ ನನ್ನ ಕಣ್ಣಿಗೆ ಬಿದ್ದ ನೆನಪೇ ಇಲ್ಲ. ಬಿದ್ದಿರುತ್ತೆ, ಹೀರೋ ಹೆಸರಲ್ಲ ಅಂತ ಪುಟ ತಿರುಗಿಸಿರ್ತೀನಿ. ನಮ್ಮವ್ವ ಟಿವಿಯಲ್ಲಿ ನೋಡಿದ್ದ ಬೆಳಕನ್ನ ಮಾಡಿದ ಮನುಷ್ಯ ನಾಲ್ಕು ಬೀದಿ ಆಚೆ ಇದ್ದರು, ನನಗೆ ಗೊತ್ತಿರಲಿಲ್ಲ. ಈ ಲೇಖನದಲ್ಲಿ ಕಾಣೋ ಸಿಟ್ಟು ಬೇರೆಯವರ ಮೇಲಲ್ಲ, ಮೊದಲು ನನ್ನ ಮೇಲೇ.

ಆವತ್ತಿನಿಂದ ಒಂದು ನಿಯಮ ಹಾಕಿಕೊಂಡೆ. ನಟರು ಯಾರೇ ಇರಲಿ, ನಿರ್ದೇಶಕರು ಯಾರೇ ಇರಲಿ, ಮೂರ್ತಿಯವರ ಹೆಸರಿರೋ ಸಿನಿಮಾ ಒಂದೊಂದಾಗಿ ನೋಡೋದು.

ಮೊದಲು ‘ಕಾಗಜ್ ಕೆ ಫೂಲ್’. 1959ರ ಸಿನಿಮಾ, ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಒಂದು ಹಾಡಿದೆ. ಗೀತಾ ದತ್ ದನಿ, ಎಸ್.ಡಿ. ಬರ್ಮನ್ ಸಂಗೀತ. ಖಾಲಿ ಸ್ಟುಡಿಯೋದಲ್ಲಿ ಒಬ್ಬ ನಿರ್ದೇಶಕ, ಒಬ್ಬ ನಟಿ, ಇಬ್ಬರೂ ದೂರ ದೂರ ನಿಂತಿದಾರೆ. ಮೇಲಿಂದ ಕತ್ತಲನ್ನ ಸೀಳಿಕೊಂಡು ಒಂದು ದಪ್ಪ ಬೆಳಕಿನ ಕಂಬ ನೆಲಕ್ಕೆ ಇಳಿಯುತ್ತೆ. ಅವರು ನಿಂತಲ್ಲೇ ನಿಂತಿದ್ದರೂ ಅವರ ನೆರಳಿನಂಥ ರೂಪಗಳು ಆ ಬೆಳಕಿನಲ್ಲಿ ಹತ್ತಿರ ಬರ್ತವೆ.

ಇದನ್ನ ನೋಡಿ ನನಗೆ ತಕ್ಷಣ ನೆನಪಾಗಿದ್ದು ನಮ್ಮೂರ ಅಡುಗೆಮನೆ. ಹೆಂಚಿನ ನಡುವೆ ಒಂದು ಗವಾಕ್ಷಿ. ಹತ್ತು ಗಂಟೆ ಹೊತ್ತಿಗೆ ಅಲ್ಲಿಂದ ಬಿಸಿಲುಕೋಲು ಇಳಿಯೋದು. ಒಲೆ ಉರಿಯದ ದಿನ ನೆಲದ ಮೇಲೆ ಬೆಳಕಿನ ಚೂರು ಮಾತ್ರ ಕಾಣ್ತಿತ್ತು. ಅವ್ವ ಹಸಿ ಸೌದೆ ಹಾಕಿ ಹೊಗೆ ಎದ್ದ ದಿನ ಪೂರ್ತಿ ಕೋಲೇ ಕಾಣ್ತಿತ್ತು. ಬೆಳಕು ಸುಮ್ಮನೆ ಹಾದು ಹೋದರೆ ಕಣ್ಣಿಗೆ ಕಾಣಲ್ಲ. ಹೊಗೆಗೋ ದೂಳಿಗೋ ತಗುಲಿ ನಮ್ಮ ಕಡೆ ಚೆದುರಿದರೆ ಮಾತ್ರ ಕಾಣುತ್ತೆ. ಸ್ಟುಡಿಯೋದಲ್ಲಿ ಹೊಗೆ ಬಿಡೋದು ಇದಕ್ಕೇ.

ಹಾಗಾದರೆ ದೊಡ್ಡ ದೀಪ ಇಟ್ಟು ಹೊಗೆ ಬಿಟ್ಟರೆ ಆಯ್ತಲ್ಲ ಅಂದುಕೊಂಡೆ. ಆಗಲ್ಲ. ಸ್ಟುಡಿಯೋ ದೀಪ ಇರೋದು ಕೆಲವೇ ಅಡಿ ದೂರದಲ್ಲಿ. ಹತ್ತಿರದ ದೀಪದ ಬೆಳಕು ಬಿಚ್ಚಿದ ಬೀಸಣಿಗೆ ಥರ ಅಗಲವಾಗ್ತಾ ಹೋಗುತ್ತೆ, ದೂರ ಹೋದಂತೆ ಬೇಗ ಮಂಕಾಗುತ್ತೆ. ಸೂರ್ಯ ಇರೋದು ಸುಮಾರು 15 ಕೋಟಿ ಕಿಲೋಮೀಟರ್ ಆಚೆ. ಅಷ್ಟು ದೂರದಿಂದ ಬರೋ ಕಿರಣಗಳು ನಮ್ಮ ಲೆಕ್ಕಕ್ಕೆ ಒಂದಕ್ಕೊಂದು ಸಮಾನಾಂತರ. ಅದಕ್ಕೇ ಗವಾಕ್ಷಿಯ ಬಿಸಿಲು ಬೀಸಣಿಗೆ ಆಗಲ್ಲ, ಕೋಲಾಗುತ್ತೆ. ನಮ್ಮ ಕಣ್ಣಿಗೆ ಈ ವ್ಯತ್ಯಾಸ ಹುಟ್ಟಿದಾಗಿನಿಂದ ಗೊತ್ತು. ಹೇಳೋಕೆ ಬರದೇ ಇರಬಹುದು, ಆದರೆ ದೀಪ ಹಾಕಿ ಸುಳ್ಳು ಬಿಸಿಲು ಮಾಡಿದರೆ ಏನೋ ಸರಿ ಇಲ್ಲ ಅಂತ ಅನ್ನಿಸಿಬಿಡುತ್ತೆ.

ಮೂರ್ತಿ ನಿಜವಾದ ಬಿಸಿಲನ್ನೇ ಒಳಗೆ ತಂದರು. ಸ್ಟುಡಿಯೋ ಹೊರಗೆ ಒಂದು ದೊಡ್ಡ ಕನ್ನಡಿ. ಅದು ಬಿಸಿಲನ್ನ ಹಿಡಿದು ಒಳಗೆ ಎಸೆಯುತ್ತೆ. ಒಳಗೆ ಮೇಲೆ, ದೀಪ ಕಟ್ಟೋ ಅಟ್ಟಣಿಗೆಯಲ್ಲಿ ಇನ್ನೊಂದು ಕನ್ನಡಿ. ಅದು ಬೆಳಕನ್ನ ಕೆಳಗೆ ತಿರುಗಿಸುತ್ತೆ. ಚಪ್ಪಟೆ ಕನ್ನಡಿ ಕಿರಣದ ದಿಕ್ಕು ಬದಲಾಯಿಸುತ್ತೆ, ಅಗಲಿಸಲ್ಲ. ಹಾಗಾಗಿ ಎರಡು ಸಲ ತಿರುಗಿದ ಮೇಲೂ ಅದು ಬಿಸಿಲುಕೋಲಾಗೇ ಉಳಿಯುತ್ತೆ. ಕೇಳೋಕೆ ಸುಲಭ. ಆದರೆ ಸೂರ್ಯ ನಿಂತಲ್ಲಿ ನಿಲ್ಲೋನಲ್ಲ, ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರೀತಾನೆ. ಅಷ್ಟು ಸರಿದರೂ ಸಾಕು, ಎರಡು ಕನ್ನಡಿ ದಾಟಿ ದೂರ ಹೋಗೋ ಬೆಳಕು ತನ್ನ ಜಾಗ ಬಿಡುತ್ತೆ. ಕನ್ನಡಿಯನ್ನ ತಿದ್ದುತ್ತಲೇ ಇರಬೇಕು. ಮೋಡ ಬಂತೋ, ಕೆಲಸ ನಿಂತ ಹಾಗೇ.

ಈಗ ಹೇಳಿ, ಆ ದೃಶ್ಯದ ಕರ್ತೃ ಯಾರು? ಹಾಗೊಂದು ಬೆಳಕು ಬೇಕು ಅಂದವರು ಗುರುದತ್. ಅದನ್ನ ಹೇಗೆ ತರೋದು ಅಂತ ಕಂಡವರು ಮೂರ್ತಿ. ಒಬ್ಬರನ್ನ ಬಿಟ್ಟು ಇನ್ನೊಬ್ಬರಿಲ್ಲ. ನಮ್ಮ ಡೈರೆಕ್ಟರ್ ಪಾರ್ಟಿ ಮಾತ್ರ ‘ಗುರುದತ್ ಅವರ ಬೆಳಕು’ ಅಂತಲೇ ಬರೀತಾರೆ. ನಾನು ಬರೆದ ಕೋಡ್ ಪ್ರೊಡಕ್ಷನ್‌ಗೆ ಹೋದಾಗ ಮೇಲಿನಿಂದ ಬರೋ ಇಮೇಲಿನಲ್ಲಿ ಮ್ಯಾನೇಜರ್ ಹೆಸರು ಮಾತ್ರ ಇರುತ್ತಲ್ಲ, ಆಗ ಹೊಟ್ಟೆ ಉರಿದುಕೊಳ್ಳೋರೂ ನಾವೇ. ಸಿನಿಮಾ ವಿಷಯಕ್ಕೆ ಬಂದರೆ ಅದೇ ಇಮೇಲ್ ಬರೆಯೋರೂ ನಾವೇ.

‘ಸರಿಯಪ್ಪ, ಆದರೆ ಕೊನೆಗೆ ಸಿನಿಮಾ ಅನ್ನೋದು ನಿರ್ದೇಶಕನ ಮಾಧ್ಯಮ ಅಲ್ವಾ?’ ಅಂತ ಕೇಳಬಹುದು. ಇದಕ್ಕೆ ವಾದ ಬೇಡ, ಪರೀಕ್ಷೆ ಮಾಡಿಯೇ ನೋಡೋಣ. ನಾವು ಬಗ್ ಹುಡುಕೋದು ಹೇಗೆ? ಒಂದನ್ನ ಮಾತ್ರ ಬದಲಾಯಿಸಿ ಉಳಿದದ್ದನ್ನ ಹಾಗೇ ಇಟ್ಟು ನೋಡ್ತೀವಿ. ಸಿನಿಮಾದಲ್ಲಿ ಅಂಥ ಅವಕಾಶ ಅಪರೂಪ. ಅದೃಷ್ಟಕ್ಕೆ ಮೂರ್ತಿಯವರ ವಿಷಯದಲ್ಲಿ ಎರಡೂ ಕಡೆಯಿಂದ ಸಿಗುತ್ತೆ.

ಮೊದಲು ಕ್ಯಾಮೆರಾ ಅದೇ ಇಟ್ಟು ನಿರ್ದೇಶಕರನ್ನ ಬದಲಾಯಿಸೋಣ. ‘ಪ್ಯಾಸಾ’ ನಿರ್ದೇಶನ ಗುರುದತ್. ‘ಸಿಐಡಿ’ ರಾಜ್ ಖೋಸ್ಲಾ. ‘ಸಾಹಿಬ್ ಬೀಬಿ ಔರ್ ಗುಲಾಮ್’ ಟೈಟಲ್ಲಿನಲ್ಲಿ ನಿರ್ದೇಶಕ ಅಬ್ರಾರ್ ಅಲ್ವಿ. ಒಂದು ಕವಿಯೊಬ್ಬನ ಕಥೆ, ಇನ್ನೊಂದು ಕೊಲೆಗಾರನ ಬೆನ್ನಟ್ಟೋ ಪೊಲೀಸ್ ಕಥೆ, ಮತ್ತೊಂದು ಬಂಗಾಳದ ಜಮೀನ್ದಾರಿ ಹವೇಲಿಯ ಕಥೆ. ಮೂರನ್ನೂ ಒಂದೇ ವಾರದಲ್ಲಿ ನೋಡಿ. ಎಲ್ಲಾದರೂ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಚೌಕಟ್ಟಿನಲ್ಲಿ ಕತ್ತಲು ಯಾರ ಮೇಲೆ ಬಿದ್ದಿದೆ? ‘ಪ್ಯಾಸಾ’ದ ಕೊನೆಯ ಸಭೆಯಲ್ಲಿ ನಾಯಕ ಬಾಗಿಲಲ್ಲಿ ಕೈ ಚಾಚಿ ನಿಂತಾಗ ಬೆಳಕು ಬೆನ್ನ ಹಿಂದೆ, ಮುಖ ಕತ್ತಲಲ್ಲಿ. ಹಿಂದಿ ಸಿನಿಮಾದ ಹೀರೋ ಎಂಟ್ರಿ ಅದು, ಮುಖವೇ ಕಾಣಲ್ಲ! ‘ಸಾಹಿಬ್ ಬೀಬಿ’ಯಲ್ಲಿ ಮುಜ್ರಾದ ಹಾಡೊಂದರಲ್ಲಿ ಮುಖ್ಯ ನರ್ತಕಿ ಪೂರ್ತಿ ಬೆಳಕಲ್ಲಿದಾರೆ, ಸುತ್ತ ಕುಣಿಯೋ ಅಷ್ಟೂ ಜನರ ಮುಖ ಕತ್ತಲಲ್ಲಿದೆ. ಕಣ್ಣು ಎಲ್ಲಿ ಹೋಗಬೇಕು ಅಂತ ಹೇಳೋ ಕೆಲಸವನ್ನ ಮೂರೂ ಕಡೆ ಕತ್ತಲು ಮಾಡ್ತಿದೆ. ನಿರ್ದೇಶಕರು ಮೂವರು, ಕತ್ತಲು ಒಬ್ಬರದ್ದೇ.

ಅಂದಹಾಗೆ ‘ಸಾಹಿಬ್ ಬೀಬಿ’ಯನ್ನ ನಿಜವಾಗಿ ನಿರ್ದೇಶಿಸಿದ್ದು ಅಲ್ವಿಯೋ ಗುರುದತ್ತೋ ಅನ್ನೋ ಜಗಳ ಅರ್ಧ ಶತಮಾನವಾದರೂ ಮುಗಿದಿಲ್ಲ. ನಿರ್ದೇಶಕನ ಹೆಸರನ್ನೇ ನಂಬಿ ಹೊರಟವರು ಇಲ್ಲಿ ದಾರಿ ತಪ್ತಾರೆ. ಕ್ಯಾಮೆರಾ ಯಾರದ್ದು ಅನ್ನೋದರ ಬಗ್ಗೆ ಮಾತ್ರ ಯಾರ ತಕರಾರೂ ಇಲ್ಲ.

ಈಗ ಉಲ್ಟಾ ಪರೀಕ್ಷೆ. ‘ಕಾಗಜ್ ಕೆ ಫೂಲ್’ ಹಣ ಕಳೆದುಕೊಂಡಿತು. ಆಮೇಲೆ ಗುರುದತ್ ತಮ್ಮ ಹೆಸರಲ್ಲಿ ನಿರ್ದೇಶನ ಮಾಡಲೇ ಇಲ್ಲ. ಮರುವರ್ಷ ಅವರದೇ ಕಂಪನಿಯಿಂದ ‘ಚೌದ್ವೀ ಕಾ ಚಾಂದ್’ ಬಂತು. ಅದೇ ಗುರುದತ್, ಅದೇ ವಹೀದಾ ರೆಹಮಾನ್. ನಿರ್ದೇಶನ ಎಂ. ಸಾದಿಕ್, ಕಪ್ಪುಬಿಳುಪಿನ ಕ್ಯಾಮೆರಾ ನಾರಿಮನ್ ಇರಾನಿ. ಹಾಡುಗಳ ಬಣ್ಣದ ಭಾಗವನ್ನ ಮಾತ್ರ ಚಿತ್ರೀಕರಿಸಿದ್ದು ಮೂರ್ತಿ. ಒಂದೇ ಸಿನಿಮಾದೊಳಗೆ ಎರಡು ಕಣ್ಣು! ವಹೀದಾ ಅವರನ್ನ ಹುಡುಕಿಕೊಂಡು ಬಂದೋರಿಗೆ ‘ಕಾಗಜ್ ಕೆ ಫೂಲ್’ ಮತ್ತು ಇದು ಎರಡೂ ಒಂದೇ ಖುಷಿ ಕೊಡಬಹುದು. ನನಗೆ ಇಲ್ಲಿನ ಕಪ್ಪುಬಿಳುಪು ಭಾಗ ಅಚ್ಚುಕಟ್ಟಾಗಿ ಕಾಣ್ತು, ಎಲ್ಲರ ಮುಖವೂ ಸ್ಪಷ್ಟ, ಕಥೆ ಹೇಳೋಕೆ ಏನೂ ತೊಂದರೆ ಇಲ್ಲ. ಆದರೆ ಕತ್ತಲು ಇಲ್ಲಿ ಮಾತಾಡಲ್ಲ, ಸುಮ್ಮನೆ ರಾತ್ರಿ ಆಗಿದೆ ಅಷ್ಟೇ. ಒಬ್ಬರ ಕೈ ಬದಲಾದರೆ ಏನು ಬದಲಾಗುತ್ತೆ ಅಂತ ನನಗೆ ಮೊದಲ ಸಲ ಗೊತ್ತಾಗಿದ್ದು ಆವತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಒಂದು ಅಭಿಮಾನಿ ಸಂಘ ಕಟ್ಟಿದ ಹಾಗೆ. ಹೀರೋ ಕಟೌಟ್ ಇಳಿಸಿ ಕ್ಯಾಮೆರಾಮನ್ ಕಟೌಟ್ ಏರಿಸಿ ಹಾಲು ಸುರಿಯೋದು ನನ್ನ ಉದ್ದೇಶ ಅಲ್ಲ. ಈ ದಾರಿಯಲ್ಲಿ ನಾನು ಬಿದ್ದ ಗುಂಡಿಯನ್ನೂ ಹೇಳಬೇಕು.

1964ರಲ್ಲಿ ಗುರುದತ್ ತೀರಿಕೊಂಡರು. ಮೂರ್ತಿ ಕೆಲಸ ನಿಲ್ಲಿಸಲಿಲ್ಲ. ಪ್ರಮೋದ್ ಚಕ್ರವರ್ತಿ ಅವರ ಜೊತೆ ‘ಲವ್ ಇನ್ ಟೋಕಿಯೋ’, ‘ಜುಗ್ನು’ ಥರದ ಬಣ್ಣದ ಸಿನಿಮಾ ಮಾಡಿದರು. ನನ್ನ ನಿಯಮದ ಪ್ರಕಾರ ಅವನ್ನೂ ನೋಡಿದೆ. ರಜೆ ದಿನ ನೋಡೋಕೆ ಚೆನ್ನಾಗಿವೆ, ಆದರೆ ‘ಪ್ಯಾಸಾ’ದ ಮೂರ್ತಿಯನ್ನ ಅಲ್ಲಿ ಹುಡುಕಿದರೆ ಸಿಗಲ್ಲ. ಮೊದಲು ಬೇಜಾರಾಯ್ತು. ಆಮೇಲೆ ಯಾಕೆ ಅಂತ ಯೋಚಿಸಿದಾಗ ಎರಡು ಕಾರಣ ಹೊಳೆದವು.

ಒಂದು, ಬಣ್ಣ. ಕಪ್ಪುಬಿಳುಪಿನಲ್ಲಿ ಮನುಷ್ಯನನ್ನ ಹಿಂದಿನ ಗೋಡೆಯಿಂದ ಬೇರೆ ಮಾಡಿ ತೋರಿಸೋಕೆ ಇರೋ ದೊಡ್ಡ ಉಪಾಯ ಬೆಳಕೇ. ಕೆಂಪು ಸೀರೆ, ಹಸಿರು ಗೋಡೆ ಎರಡೂ ಒಂದೇ ಬೂದು ಬಣ್ಣವಾಗಿ ಕಾಣಬಹುದು. ಹಾಗಾಗಿ ಕೂದಲಂಚಿಗೆ ಒಂದು ಗೆರೆ ಬೆಳಕು, ಗೋಡೆಗೆ ಒಂದಿಷ್ಟು ನೆರಳು ಅಂತ ಪ್ರತಿಯೊಂದನ್ನೂ ಬೆಳಕಲ್ಲೇ ಬರೀಬೇಕು. ಬಣ್ಣ ಬಂದ ಮೇಲೆ ಆ ಕೆಲಸವನ್ನ ಸೀರೆಯೇ ಮಾಡುತ್ತೆ. ಜೊತೆಗೆ ಆ ಕಾಲದ ಕಲರ್ ಫಿಲಂಗೆ ಬಹಳ ಬೆಳಕು ಬೇಕಿತ್ತು. ಸೆಟ್ಟಿನ ಮೂಲೆ ಮೂಲೆಗೂ ದೀಪ ಸುರಿದ ಮೇಲೆ ಕತ್ತಲಿಗೆ ಜಾಗ ಎಲ್ಲಿ?

ಇನ್ನೊಂದು, ಕೇಳೋರು ಇಲ್ಲದಿದ್ದದ್ದು. ಜಪಾನಿನ ಬೀದಿ, ಹೂವಿನ ತೋಟ, ನಗೋ ಹೀರೋಯಿನ್ ಬೇಕು ಅನ್ನೋ ಸಿನಿಮಾದಲ್ಲಿ ಎಲ್ಲವೂ ಸ್ವಚ್ಛವಾಗಿ ಕಾಣೋ ಹಾಗೆ ಮಾಡೋದೇ ಸರಿಯಾದ ಕೆಲಸ. ಮೂರ್ತಿ ಆ ಕೆಲಸ ಮಾಡಿಕೊಟ್ಟರು. ಕ್ಯಾಮೆರಾಮನ್ ಎಷ್ಟೇ ದೊಡ್ಡವರಾದರೂ, ಕತ್ತಲು ಬೇಕು ಅನ್ನೋ ಧೈರ್ಯ ನಿರ್ದೇಶಕನಿಗೂ ನಿರ್ಮಾಪಕನಿಗೂ ಇರಬೇಕು. ತಮಾಷೆ ಅಂದರೆ ಗುರುದತ್ ಎಷ್ಟು ದೊಡ್ಡವರು ಅಂತ ನನಗೆ ಸರಿಯಾಗಿ ಅರ್ಥ ಆಗಿದ್ದು ‘ಜುಗ್ನು’ ನೋಡಿದ ಮೇಲೆ! ನಿರ್ದೇಶಕರ ಬಾಲ ಹಿಡಿದು ಹೋಗಿದ್ದರೆ ‘ಜುಗ್ನು’ ನೋಡ್ತಲೇ ಇರಲಿಲ್ಲ, ಈ ಪಾಠವೂ ಸಿಗ್ತಿರಲಿಲ್ಲ.

ಇನ್ನು ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟ ಭಾಗ. ಮೂರ್ತಿಯವರ ಹಾದಿ ಹಿಡಿದು ಬರುವಾಗ 1988ಕ್ಕೆ ಬಂದೆ. ದೂರದರ್ಶನದ ‘ತಮಸ್’. ನಿರ್ದೇಶಕ ಗೋವಿಂದ ನಿಹಲಾನಿ, ಕ್ಯಾಮೆರಾದಲ್ಲಿ ನಿಹಲಾನಿಯವರ ಜೊತೆಗೆ ವಿ.ಕೆ. ಮೂರ್ತಿಯವರ ಹೆಸರು. ಗುರುದತ್ ಕಾಲದವರು ಇಲ್ಲಿ ಹೇಗೆ ಬಂದರು? ಹುಡುಕಿದರೆ, ಈ ನಿಹಲಾನಿ ಒಂದು ಕಾಲಕ್ಕೆ ಮೂರ್ತಿಯವರ ಸಹಾಯಕರಾಗಿದ್ದವರು. ಅಂದರೆ ಶಿಷ್ಯನ ಚಿತ್ರಕ್ಕೆ ಗುರು ಕ್ಯಾಮೆರಾ ಹಿಡಿದಿದಾರೆ. ಇನ್ನೂ ಕೆದಕಿದರೆ ಇಬ್ಬರೂ ಛಾಯಾಗ್ರಹಣ ಕಲಿತದ್ದು ಒಂದೇ ಶಾಲೆಯಲ್ಲಿ. ಮೂರ್ತಿ 1946ರಲ್ಲಿ, ನಿಹಲಾನಿ 1962ರಲ್ಲಿ ಅಲ್ಲಿಂದ ಹೊರಬಂದವರು. ಆ ಶಾಲೆ ಯಾವುದು ಗೊತ್ತಾ? ಬೆಂಗಳೂರಿನ ನಮ್ಮ ಎಸ್‌ಜೆಪಿ, ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್! ಡಿಪ್ಲೊಮಾ ಓದಿದ ನನ್ನ ಎಷ್ಟೋ ಗೆಳೆಯರು ದಿನಾ ಹೋಗಿ ಬರ್ತಿದ್ದ ಕಾಲೇಜು.

ಅಲ್ಲಿಂದ ನಿಹಲಾನಿಯವರ ಹೆಸರು ಹಿಡಿದೆ. ನಿರ್ದೇಶಕರಾಗೋ ಮೊದಲು ಅವರು ಶ್ಯಾಮ್ ಬೆನಗಲ್ ಅವರ ‘ಅಂಕುರ್’, ‘ನಿಶಾಂತ್’, ‘ಮಂಥನ್’ ಚಿತ್ರಗಳಿಗೆ ಕ್ಯಾಮೆರಾ ಹಿಡಿದವರು. ಆ ಪಟ್ಟಿಯಲ್ಲಿ ಇನ್ನೊಂದು ಹೆಸರು ಕಂಡು ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. 1973ರ ‘ಕಾಡು’. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಗಿರೀಶ ಕಾರ್ನಾಡರ ನಿರ್ದೇಶನ. ಎರಡು ಹಳ್ಳಿಗಳ ದ್ವೇಷವನ್ನ ಒಬ್ಬ ಸಣ್ಣ ಹುಡುಗನ ಕಣ್ಣಿಂದ ನೋಡೋ ಕಥೆ. ಕಾದಂಬರಿಯನ್ನ ಪಿಯುಸಿಯಲ್ಲೇ ಓದಿದ್ದೆ. ಸಿನಿಮಾ ಮಾತ್ರ ‘ಆರ್ಟ್ ಫಿಲಂ, ಬೋರು’ ಅಂತ ಪಕ್ಕಕ್ಕೆ ಇಟ್ಟಿದ್ದೆ. ಈ ಸಲ ಬೆಳಕು ಹುಡುಕಿಕೊಂಡು ಕೂತೆ. ನಮ್ಮೂರ ಥರದ್ದೇ ಮನೆ, ಬಾಗಿಲಿನಿಂದ ಒಳಗೆ ಬರೋ ಅದೇ ಬೆಳಕು, ನಡುಮನೆಯ ಅದೇ ಕತ್ತಲು. ಆ ಹುಡುಗನಿಗೆ ಕಾಡು ಅಂದರೆ ಯಾಕೆ ಭಯ, ಯಾಕೆ ಆಸೆ ಅಂತ ಯಾರೂ ಬಾಯಿ ಬಿಟ್ಟು ಹೇಳದೆಯೇ ತಿಳೀತು. ಬೋರು ಆಗಿದ್ದು ಸಿನಿಮಾ ಅಲ್ಲ, ನಾನು ಅದರಲ್ಲಿ ತಪ್ಪು ವಸ್ತುವನ್ನ ಹುಡುಕ್ತಿದ್ದೆ.

ಈಗ ಲೆಕ್ಕ ಹಾಕಿ. ‘ಹೂವು ಹಣ್ಣು’ವಿನಿಂದ ‘ಪ್ಯಾಸಾ’, ಅಲ್ಲಿಂದ ‘ತಮಸ್’, ಅಲ್ಲಿಂದ ‘ಕಾಡು’. ನಾಲ್ಕಕ್ಕೂ ನಾಲ್ವರು ನಿರ್ದೇಶಕರು. ಭಾಷೆ ಎರಡು, ನಡುವೆ ಮೂವತ್ತಾರು ವರ್ಷ. ಯಾವ ಹೀರೋ ಹೆಸರು ಹಾಕಿ ಹುಡುಕಿದರೂ ಈ ನಾಲ್ಕು ಒಂದೇ ಪಟ್ಟಿಯಲ್ಲಿ ಬರಲ್ಲ. ನಿರ್ದೇಶಕರ ಹೆಸರು ಹಾಕಿದರೂ ಬರಲ್ಲ. ಹೀರೋ ಹಿಂದೆ ಹೋದರೆ ಅದೇ ಹೀರೋನ ಇನ್ನೊಂದು ಸಿನಿಮಾ ಸಿಗುತ್ತೆ, ಯಾಕಂದರೆ ಅವನ ಮುಖವೇ ಸರಕು. ಅದು ಬದಲಾಗದ ಹಾಗೆ ಎಲ್ಲರೂ ನೋಡ್ಕೋತಾರೆ. ನಿರ್ದೇಶಕನ ಹಿಂದೆ ಹೋದರೆ ಅವನ ಹತ್ತೋ ಹದಿನೈದೋ ಸಿನಿಮಾ, ಅವನ ಕಾಳಜಿಗಳು, ಅಲ್ಲಿಗೆ ಮುಗೀತು. ಕ್ಯಾಮೆರಾಮನ್ ಹಾಗಲ್ಲ. ಅವನು ಕೆಲಸ ಇರೋ ಕಡೆ ಹೋಗ್ತಾನೆ. ಮೈಸೂರಿನಿಂದ ಮುಂಬೈಗೆ, ಕವಿಯ ಕಥೆಯಿಂದ ಪೊಲೀಸ್ ಕಥೆಗೆ, ಸಿನಿಮಾದಿಂದ ದೂರದರ್ಶನಕ್ಕೆ. ಹೋಗುವಾಗ ಶಿಷ್ಯರನ್ನ ಬಿಟ್ಟು ಹೋಗ್ತಾನೆ, ಅವರು ಇನ್ನೊಂದು ಕಡೆ ಬಾಗಿಲು ತೆಗೀತಾರೆ. ಸಂಗೀತ ನಿರ್ದೇಶಕರ ವಿಷಯದಲ್ಲೂ ಹೀಗೇ. ಎಲ್. ವೈದ್ಯನಾಥನ್ ಅನ್ನೋ ಹೆಸರು ಹಿಡಿದರೆ ‘ಮಾಲ್ಗುಡಿ ಡೇಸ್’ನಿಂದ ಮಾತೇ ಇಲ್ಲದ ‘ಪುಷ್ಪಕ ವಿಮಾನ’ಕ್ಕೆ ಒಂದೇ ಹೆಜ್ಜೆ.

ಹಾಗಾದರೆ ನಮ್ಮ ಮೊಬೈಲಿನ ಆಪ್‌ಗಳು ಈ ಹೆಜ್ಜೆ ಯಾಕೆ ತೋರಿಸಲ್ಲ? ನಾನು ಇದೇ ಥರದ ಕೆಲಸದಲ್ಲಿರೋನು, ಹಾಗಾಗಿ ಆ ನೆಪ ನನ್ನ ಹತ್ತಿರ ನಡೆಯಲ್ಲ. ಸಿನಿಮಾದ ಮಾಹಿತಿಯಲ್ಲಿ ನಟರು, ನಿರ್ದೇಶಕರು ಅಂತ ಎರಡು ಕಾಲಂ ಇರೋ ಕಡೆ ಛಾಯಾಗ್ರಾಹಕರು ಅಂತ ಮೂರನೇ ಕಾಲಂ ಸೇರಿಸೋದು ರಾಕೆಟ್ ಹಾರಿಸೋ ಕೆಲಸ ಅಲ್ಲ. ಅದನ್ನ ಕೇಳೋರಿಲ್ಲ, ಅದಕ್ಕೆ ಸೇರಿಸಲ್ಲ. ಅದರ ಬದಲು ನಮಗೆ ಕೊಟ್ಟಿರೋದು ಟೈಟಲ್ ಹಾರಿಸೋಕೆ ಒಂದು ಬಟನ್. ಇನ್ನು ಸಿನಿಮಾ ಮುಗಿದು ಹೆಸರುಗಳು ಬರೋಕೆ ಶುರುವಾದ ಕೂಡಲೇ ಪರದೆ ಸಣ್ಣಗಾಗಿ ಮೂಲೆಗೆ ಹೋಗುತ್ತೆ, ‘ಮುಂದೆ ಇದನ್ನ ನೋಡಿ’ ಅಂತ ಅದೇ ಹೀರೋನ ಇನ್ನೊಂದು ಪೋಸ್ಟರ್ ಬರುತ್ತೆ. ನೂರಾರು ಜನರ ಹೆಸರನ್ನ ಮೂಲೆಗೆ ತಳ್ಳಿ ಒಬ್ಬನ ಮುಖವನ್ನ ದೊಡ್ಡದು ಮಾಡೋ ಆ ಬಟನ್ ಬರೆದವನೂ ನಮ್ಮ ಥರ ಯಾರಿಗೂ ಹೆಸರು ಗೊತ್ತಿಲ್ಲದ ಒಬ್ಬ ಇಂಜಿನಿಯರ್ರೇ!

ಆ ಬಟನ್ ಒತ್ತಬೇಡಿ. ಹಳೇ ಸಿನಿಮಾದಲ್ಲಿ ಹೆಸರುಗಳೆಲ್ಲ ಶುರುವಿನಲ್ಲೇ ಬರ್ತವೆ, ಎರಡು ಮೂರು ನಿಮಿಷ ಅಷ್ಟೇ. ಕನ್ನಡದಲ್ಲಾದರೆ ‘ಛಾಯಾಗ್ರಹಣ’ ಅಂತ ಇರೋ ಕಾರ್ಡು ನೋಡಿ. ನಿಮಗೆ ಇಷ್ಟವಾದ ಒಂದೇ ಒಂದು ಸಿನಿಮಾದಿಂದ ಆ ಹೆಸರು ಬರೆದಿಟ್ಟುಕೊಂಡು, ಅವರು ಬೇರೆ ನಿರ್ದೇಶಕರ ಜೊತೆ ಮಾಡಿದ ಸಿನಿಮಾ ಒಂದನ್ನ ನೋಡಿ. ಎರಡರಲ್ಲೂ ಉಳಿದದ್ದು ಅವರದ್ದು. ಬದಲಾದದ್ದರಲ್ಲಿ ನಿರ್ದೇಶಕರ ಪಾಲೆಷ್ಟು, ಕಥೆಯ ಪಾಲೆಷ್ಟು ಅಂತ ನೀವೇ ಜಗಳ ಮಾಡಿಕೊಳ್ಳಿ. ಊಟದ ಟೇಬಲ್ಲಿಗೆ ಅದು ಹೀರೋ ಜಗಳಕ್ಕಿಂತ ಒಳ್ಳೇ ಜಗಳ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಅವ್ವನಿಗೆ ‘ಕಾಗಜ್ ಕೆ ಫೂಲ್’ ಹಾಕಿದೆ. ಹಿಂದಿ ಬರಲ್ಲ, ಕಥೆ ನಾನೇ ಹೇಳ್ತಾ ಕೂತೆ. ಆ ಹಾಡು ಬಂತು, ಬೆಳಕಿನ ಕಂಬ ಇಳೀತು. ಅವ್ವ ನನ್ನ ಮಾತು ನಿಲ್ಲಿಸು ಅಂತ ಕೈ ಅಡ್ಡ ಹಿಡಿದಳು.

‘ಹೊಗೆ ಹಾಕವ್ರೆ ಕಣೋ’ ಅಂದಳು.

ಮೂರು ವರ್ಷ ಹುಡುಕಾಡಿ ನಾನು ಕಲಿತದ್ದನ್ನ ಅವಳು ಮೂರು ಸೆಕೆಂಡಿನಲ್ಲಿ ಹೇಳಿದಳು. ಹೀರೋ ಯಾರು ಅಂತ ಅವಳು ಕೇಳಲೇ ಇಲ್ಲ.